ಪರಿಮಳ ಕಡಿಮೆ ಮಾಡಿ ಎಂದು ಕೇಳುವುದು

ಮೈಗ್ರೇನ್ ಇರುವ ಅನೇಕರಿಗೆ ಬಿಸಿಲು, ನಿದ್ದೆಗೇಡು, ಹೊತ್ತು ಮೀರಿದ ಊಟ ಹೇಗೆ ತಲೆನೋವು ಎಬ್ಬಿಸುತ್ತವೆಯೋ ಹಾಗೆಯೇ ಗಾಢವಾದ ಪರಿಮಳವೂ ಎಬ್ಬಿಸುತ್ತದೆ. ಸೆಂಟು, ಬಾಡಿ ಸ್ಪ್ರೇ, ಅಗರಬತ್ತಿ, ಕಾರಿನೊಳಗೆ ತೂಗುಹಾಕುವ ಪರ್ಫ್ಯೂಮ್, ಬಟ್ಟೆ ಒಗೆದ ಮೇಲೆ ಹಾಕುವ ಕಂಡೀಷನರ್, ಇವುಗಳಲ್ಲಿ ಆಗದಿರುವುದು ಒಬ್ಬೊಬ್ಬರಿಗೆ ಒಂದೊಂದು. ಬಿಸಿಲಿಗೆ ಕೊಡೆ ಹಿಡಿಯಬಹುದು, ಊಟವನ್ನು ಹೊತ್ತಿಗೆ ಸರಿಯಾಗಿ ಮಾಡಬಹುದು. ಪರಿಮಳ ಮಾತ್ರ ಇನ್ನೊಬ್ಬರ ಮೈಮೇಲೆ, ಇನ್ನೊಬ್ಬರ ದೇವರ ಮನೆಯಲ್ಲಿ ಇರುತ್ತದೆ. ಅದು ಕಡಿಮೆಯಾಗಬೇಕಾದರೆ ಬಾಯಿಬಿಟ್ಟು ಕೇಳಲೇಬೇಕು. ನಾನು ಮೈಸೂರಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವಳು. ಕೇಳುವುದನ್ನು ಬಹಳ ತಡವಾಗಿ, ಕೆಲವರ ಮನಸ್ಸು ನೋಯಿಸಿದ ಮೇಲೆ ಕಲಿತೆ. ಇದೇ ತೊಂದರೆ ಇರುವ ಇನ್ನೊಬ್ಬರಿಗೆ ಆ ನೋವು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ತಲೆನೋವು ಮೊದಲೋ, ವಾಸನೆ ಮೊದಲೋ, ಬರೆದಿಟ್ಟು ನೋಡಿ

ಅನೇಕರಿಗೆ ಮೈಗ್ರೇನ್ ಶುರುವಾಗುವುದು ನೋವಿನಿಂದಲ್ಲ. ತಲೆ ಸಿಡಿಯುವುದಕ್ಕೆ ಕೆಲವು ಗಂಟೆ ಮುಂಚೆ, ಕೆಲವರಿಗೆ ಒಂದೆರಡು ದಿನ ಮುಂಚೆಯೇ, ಪದೇ ಪದೇ ಆಕಳಿಕೆ, ಕತ್ತು ಹಿಡಿದಂತಾಗುವುದು, ಕಾರಣವಿಲ್ಲದ ಸಿಡುಕು, ಸಿಹಿ ತಿನ್ನುವ ಆಸೆ ಬರುತ್ತವೆ. ಆ ಹೊತ್ತಿನಲ್ಲಿ ಮೂಗೂ ವಿಪರೀತ ಚುರುಕಾಗುತ್ತದೆ. ದಿನವೂ ಗಮನಕ್ಕೆ ಬಾರದ ಒಗ್ಗರಣೆಯ ವಾಸನೆಯೂ ಅಂದು ಹೊಟ್ಟೆ ತೊಳಸುತ್ತದೆ. ಅಂದರೆ ಕೆಲವು ದಿನ ಪಕ್ಕದವರ ಸೆಂಟು ತಲೆನೋವನ್ನು ಎಬ್ಬಿಸಿರುವುದಿಲ್ಲ. ಆಗಲೇ ಶುರುವಾಗಿರುವ ಮೈಗ್ರೇನ್ ಆ ಸೆಂಟನ್ನು ಅಸಹನೀಯ ಮಾಡಿರುತ್ತದೆ. ಇದು ಗೊತ್ತಿಲ್ಲದೆ ನಾನು ಬಹಳ ಕಾಲ ಎಲ್ಲ ತಲೆನೋವನ್ನೂ ಪಕ್ಕದ ಮೇಜಿನ ಸಹೋದ್ಯೋಗಿಯ ಲೆಕ್ಕಕ್ಕೆ ಬರೆದಿದ್ದೆ.

ನರರೋಗ ತಜ್ಞರೊಬ್ಬರು ನೋಟ್‌ಬುಕ್ ಇಡಲು ಹೇಳಿದರು. ವಾಸನೆ ತಾಗಿದ ಗಂಟೆ, ನೋವು ಶುರುವಾದ ಗಂಟೆ, ಹಿಂದಿನ ರಾತ್ರಿಯ ನಿದ್ದೆ, ಊಟ ತಿಂಡಿಯ ಹೊತ್ತು, ಮುಟ್ಟಿನ ದಿನ, ನುಂಗಿದ ಮಾತ್ರೆ, ಇಷ್ಟೇ ಅದರಲ್ಲಿ. ಕೆಲವು ವಾರ ಕಳೆದ ಮೇಲೆ ಪುಟ ತಿರುಗಿಸಿದರೆ ಎರಡು ಬಗೆಯ ದಿನಗಳು ಬೇರೆಯಾಗಿ ಕಂಡವು. ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು ಹೋದ ದಿನವೂ ಸೆಂಟು ತಾಗಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಬಲಗಣ್ಣಿನ ಮೇಲೆ ಮಿಡಿತ ಶುರುವಾಗುತ್ತಿತ್ತು. ಇದು ನಿಜವಾಗಿ ವಾಸನೆಯಿಂದ ಬಂದದ್ದು. ಬೆಳಗಿನಿಂದ ಆಕಳಿಸುತ್ತಾ, ತಿಂಡಿ ಬಿಟ್ಟು ಹೋದ ದಿನಗಳ ನೋವಿಗೆ ಆ ಸಹೋದ್ಯೋಗಿಯನ್ನು ದೂರುವಂತಿರಲಿಲ್ಲ. ಅವರು ರಜೆ ಹಾಕಿದ ವಾರದಲ್ಲಿ ಮೊದಲನೇ ಬಗೆಯ ನೋವು ಬರಲೇ ಇಲ್ಲ, ಎರಡನೆಯದು ಬಂತು. ಇನ್ನೊಬ್ಬರನ್ನು ಕೇಳಲು ನನಗೆ ಧೈರ್ಯ ಬಂದದ್ದು ಈ ಪುಟಗಳಿಂದ.

ಅದೇ ಪುಸ್ತಕ ಇನ್ನೊಂದನ್ನೂ ತೋರಿಸಿತು. ಸಾಮಾನ್ಯ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆಗಳನ್ನೋ ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳನ್ನೋ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಾ ಬಂದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ನಾನು ಆ ಅಂಚಿನಲ್ಲಿದ್ದೆ. ಇನ್ನೊಂದು ಮಾತು: ಒಂದೇ ಕ್ಷಣದಲ್ಲಿ ಸಿಡಿಲು ಬಡಿದಂತೆ ಬಂದ ತಲೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದ ಜೊತೆ ಕತ್ತು ಬಗ್ಗದಿರುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಇವಕ್ಕೆ ಸೆಂಟನ್ನು ದೂರುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

2. ಮೂಗು ಮುಚ್ಚಿಕೊಂಡು ತೋರಿಸಬೇಡಿ

ಕೇಳಲು ಸಂಕೋಚವಾಗಿ ನಾನು ಮೊದಲು ಮಾಡಿದ್ದು ಇದನ್ನೇ. ಆ ಸಹೋದ್ಯೋಗಿ ಬಂದು ಕೂತ ಕೂಡಲೇ ಎದ್ದು ಕಿಟಕಿ ತೆರೆಯುತ್ತಿದ್ದೆ, ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದೆ, ಕುರ್ಚಿಯನ್ನು ಒಂದಿಷ್ಟು ಆಚೆಗೆ ಎಳೆದುಕೊಳ್ಳುತ್ತಿದ್ದೆ. ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಅರ್ಥ ಮಾಡಿಕೊಂಡದ್ದು ತಮ್ಮ ಬೆವರಿನ ವಾಸನೆ ನನಗೆ ಹೊಡೆಯುತ್ತಿದೆ ಎಂದು. ಪರಿಣಾಮವಾಗಿ ಊಟದ ಬಿಡುವಿನಲ್ಲಿ ಕೈತೊಳೆಯುವ ಜಾಗಕ್ಕೆ ಹೋಗಿ ಇನ್ನೊಂದು ಸುತ್ತು ಸ್ಪ್ರೇ ಮಾಡಿಕೊಂಡು ಬರತೊಡಗಿದರು. ನನ್ನ ತಲೆನೋವು ಬೆಳಗಿನ ಜೊತೆಗೆ ಮಧ್ಯಾಹ್ನಕ್ಕೂ ಬಂತು. ಆ ದಿನಗಳಲ್ಲಿ ಅವರು ಎಷ್ಟು ಕುಗ್ಗಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ನೋವು ಏರಿರುವಾಗ ಮಾತಾಡುವುದೂ ಬೇಡ. ಒಂದು ದಿನ ತಡೆಯಲಾಗದೆ, ನಾಲ್ಕು ಜನರ ಎದುರಿಗೆ, "ಏನ್ ಮೇಡಂ, ಇಷ್ಟೊಂದು ಹಾಕ್ಕೊಂಡ್ ಬಂದಿದೀರಾ" ಅಂದುಬಿಟ್ಟೆ. ತಲೆ ಸಿಡಿಯುತ್ತಿರುವಾಗ ಬಾಯಿಂದ ಬರುವುದು ದೂರು. ಕೋರಿಕೆ ಬರಬೇಕಾದರೆ ತಲೆ ತಣ್ಣಗಿರಬೇಕು.

3. ಹಚ್ಚಿಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ

ಒಂದೇ ವಾಸನೆ ಬಿಡದೆ ತಾಗುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಅಡುಗೆಮನೆಯಲ್ಲಿ ನಿಂತವರಿಗೆ ಈರುಳ್ಳಿಯ ಘಾಟು ಸ್ವಲ್ಪ ಹೊತ್ತಿಗೆ ಗೊತ್ತಾಗುವುದಿಲ್ಲ, ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಬಡಿಯುತ್ತದೆ. ದಿನವೂ ಒಂದೇ ಸೆಂಟು ಹಾಕುವವರಿಗೆ ಅದರ ಅರಿವು ಇನ್ನೂ ಬೇಗ ಮಸುಕಾಗುತ್ತದೆ. ಹಾಗಾಗಿ ಒಂದು ಸಲ ಒತ್ತುತ್ತಿದ್ದವರು ಎರಡು, ಆಮೇಲೆ ನಾಲ್ಕು ಸಲ ಒತ್ತುತ್ತಾರೆ. ಅವರಿಗೆ ಅದು ಹಿಂದಿನಷ್ಟೇ.

ಇದು ತಿಳಿದ ಮೇಲೆ ಆ ಸಹೋದ್ಯೋಗಿಯ ಮೇಲಿದ್ದ ನನ್ನ ಸಿಟ್ಟು ಇಳಿಯಿತು. ಪಕ್ಕದವರ ಮೇಲೆ ಲಕ್ಷ್ಯವಿಲ್ಲ ಅಂದುಕೊಂಡಿದ್ದೆ. ಲಕ್ಷ್ಯಕ್ಕೆ ಬರುವ ದಾರಿಯೇ ಅವರಿಗೆ ಮುಚ್ಚಿತ್ತು. ಹೊರಗಿನವರು ಹೇಳದೆ ಅವರಿಗೆ ತಿಳಿಯುವ ಹಾಗಿರಲಿಲ್ಲ.

4. ಬಿಟ್ಟುಬಿಡಿ ಅನ್ನಬೇಡಿ, ಎಷ್ಟು, ಎಲ್ಲಿ, ಯಾವಾಗ ಎಂದು ಹೇಳಿ

"ಸ್ವಲ್ಪ ಕಡಿಮೆ ಮಾಡಿ" ಅಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಬಿಟ್ಟುಬಿಡಿ" ಅಂದರೆ ಅವರಿಗೆ ಇಷ್ಟವಾದದ್ದನ್ನೇ ಕಸಿದಂತೆ. ಎರಡರ ನಡುವಿನ ಕೋರಿಕೆಗೆ ಸೆಂಟು ಹೇಗೆ ಹರಡುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು. ಹಾಕಿಕೊಂಡ ಮೊದಲ ಹದಿನೈದು ಇಪ್ಪತ್ತು ನಿಮಿಷ, ಅರ್ಧ ಗಂಟೆಯವರೆಗೂ ಅನ್ನಬಹುದು, ಅದರಲ್ಲಿರುವ ಸ್ಪಿರಿಟ್ಟೂ ಬೇಗ ಆವಿಯಾಗುವ ನಿಂಬೆಯಂಥ ಹಗುರ ಪರಿಮಳಗಳೂ ಹಾರಿಹೋಗುತ್ತವೆ. ಮೂಗಿಗೆ ರಪ್ಪನೆ ಬಡಿಯುವುದು ಆ ಹೊತ್ತು. ಆಮೇಲೆ ಉಳಿಯುವ ಕಸ್ತೂರಿ, ಗಂಧ, ವೆನಿಲ್ಲಾದಂಥ ಭಾರದ ಪರಿಮಳಗಳು ಗಂಟೆಗಟ್ಟಲೆ ಇರುತ್ತವೆ, ಆದರೆ ಮೈಗೆ ಅಂಟಿದಂತೆ ಹತ್ತಿರದಲ್ಲೇ ಇರುತ್ತವೆ. ಆದ್ದರಿಂದ ಮನೆಯಲ್ಲಿ ಹಾಕಿಕೊಂಡು ಬಂದ ಒಂದು ಸ್ಪ್ರೇಗೂ, ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯ ಪಕ್ಕದಲ್ಲೇ ಹಾಕಿಕೊಂಡ ಒಂದು ಸ್ಪ್ರೇಗೂ ನನ್ನ ತಲೆಗೆ ಬಹಳ ವ್ಯತ್ಯಾಸವಿತ್ತು.

ಕೊನೆಗೂ ಮಾತಾಡಿದ್ದು ನೋವಿಲ್ಲದ ಒಂದು ದಿನ, ಚಹಾದ ಹೊತ್ತಿಗೆ, ಮಹಡಿಯ ಮೆಟ್ಟಿಲ ಬಳಿ, ನಾವಿಬ್ಬರೇ ಇದ್ದಾಗ. ಹೇಳಬೇಕಾದ್ದನ್ನು ಹಿಂದಿನ ರಾತ್ರಿ ಬರೆದು ನೋಡಿಕೊಂಡಿದ್ದೆ.

"ಮೇಡಂ, ನಿಮ್ಮ ಹತ್ರ ಒಂದು ಸಹಾಯ ಕೇಳಬೇಕಿತ್ತು. ನನಗೆ ಮೈಗ್ರೇನ್ ಇದೆ. ಸೆಂಟು ಯಾವುದೇ ಇರಲಿ, ಜೋರಾಗಿ ತಾಗಿದ್ರೆ ಅರ್ಧ ಗಂಟೇಲಿ ತಲೆನೋವು ಶುರುವಾಗುತ್ತೆ, ಸಂಜೆವರೆಗೂ ಬಿಡಲ್ಲ. ನೀವು ಆಫೀಸಿಗೆ ಬಂದ್ಮೇಲೆ ಹಾಕ್ಕೊಳ್ಳೋ ಬದಲು ಮನೇಲೇ ಒಂದು ಸಲ ಹಾಕ್ಕೊಂಡು ಬಂದ್ರೆ ನನಗೆ ತುಂಬಾ ಉಪಕಾರ ಆಗುತ್ತೆ. ಒಂದು ವಾರ ನೋಡೋಣ್ವಾ? ಮೊದಲೇ ಹೇಳದೆ ಕಿಟಕಿ ತೆಗೆದು, ಮೂಗು ಮುಚ್ಕೊಂಡು ನಿಮಗೆ ಬೇಜಾರು ಮಾಡಿದೀನಿ. ಕ್ಷಮಿಸಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ನಾನು ಬೆವರು ವಾಸನೆ ಬರ್ತಿದೆ ಅಂದ್ಕೊಂಡಿದ್ದೆ. ನಂಜನಗೂಡಿಂದ ಬಸ್ಸಲ್ಲಿ ನಿಂತ್ಕೊಂಡು ಬರ್ತೀನಲ್ಲ, ಅದಕ್ಕೇ ಬಂದ ಕೂಡ್ಲೇ ಹೊಡ್ಕೊಳ್ಳೋದು" ಅಂದರು. ಸೆಂಟಿನ ಹಿಂದೆ ಇದ್ದದ್ದು ಈ ಅಂಜಿಕೆ. ಆಮೇಲೆ ನಾವು ಮಾತಾಡಿದ್ದು ಬೆವರಿನ ಬಗ್ಗೆ. ಬಂದ ಕೂಡಲೇ ಒದ್ದೆ ಟವೆಲ್ಲಿನಲ್ಲಿ ಕಂಕುಳು, ಕತ್ತು ಒರೆಸಿಕೊಳ್ಳುವುದು, ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಉಜ್ಜುವ ಪಟಿಕವನ್ನು ಸ್ನಾನವಾದ ಮೇಲೆ ಒದ್ದೆ ಮಾಡಿ ಕಂಕುಳಿಗೆ ಸವರಿಕೊಳ್ಳುವುದು. ಪಟಿಕಕ್ಕೆ ತನ್ನದೇ ವಾಸನೆ ಇಲ್ಲ. ಬೆವರು ಕೆಟ್ಟ ವಾಸನೆ ಹಿಡಿಯುವುದು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಂದ, ಪಟಿಕ ಅವುಗಳ ಕೈ ಕಟ್ಟುತ್ತದೆ. ಚರ್ಮ ಗೀಚಿದ್ದರೆ ಮಾತ್ರ ಉರಿಯುತ್ತದೆ.

ಆ ಮಾತುಗಳಲ್ಲಿ ಒಂದನ್ನು ವಿವರಿಸಬೇಕು. "ಸೆಂಟು ಯಾವುದೇ ಇರಲಿ" ಅಂದದ್ದು ಸೌಜನ್ಯಕ್ಕೆ ಹೇಳಿದ ಮಾತಲ್ಲ. ಬೇರೆಯವರ ಸೆಂಟು, ಕಾರಿನ ಪರ್ಫ್ಯೂಮ್ ಎರಡರಿಂದಲೂ ನನಗೆ ನೋವು ಬಂದದ್ದು ಪುಸ್ತಕದಲ್ಲಿತ್ತು. ನಿಮಗೆ ಒಂದೇ ಸೆಂಟು ಆಗದಿದ್ದರೆ ಹಾಗೆಂದೇ ಹೇಳಿ. ಅದನ್ನು ಬದಲಿಸುವುದು ಅವರಿಗೂ ಸುಲಭ.

5. ಒಪ್ಪಿದ ಮೇಲೂ ನೋವು ಬಂದರೆ ಅವರನ್ನು ಅನುಮಾನಿಸಬೇಡಿ

ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರದಲ್ಲಿ ಮತ್ತೆ ನೋವು. ಮಾತು ಮರೆತರೇನೋ ಅಂದುಕೊಂಡೆ, ಆದರೆ ಈ ಸಲ ಮೂಗು ಮುಚ್ಚಿಕೊಳ್ಳದೆ ನೇರವಾಗಿ ಕೇಳಿದೆ. ಅವರು ಆಣೆ ಹಾಕಿದಂತೆ ಹೇಳಿದರು, ಆಫೀಸಿಗೆ ಬಂದ ಮೇಲೆ ಸೆಂಟು ಮುಟ್ಟಿಯೇ ಇಲ್ಲ ಎಂದು. ಇಬ್ಬರೂ ಕೂತು ಹುಡುಕಿದೆವು. ನೋವು ಬಂದ ದಿನಗಳೆಲ್ಲ ಮಳೆಯ ದಿನಗಳು, ಅವರು ಒಂದು ಶಾಲು ಹೊದ್ದು ಬಂದಿದ್ದ ದಿನಗಳು. ಶಾಲನ್ನು ಮನೆಯಲ್ಲಿ ಕಂಡೀಷನರ್ ಹಾಕಿ ನೆನೆಸಿದ್ದರು.

ಇಂಥ ಕೆಲವು ಕಂಡೀಷನರ್‌ಗಳಲ್ಲಿ ಪರಿಮಳವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ತುಂಬಿಟ್ಟಿರುತ್ತಾರೆ. ಅವು ನೂಲಿಗೆ ಅಂಟಿಕೊಂಡು, ಬಟ್ಟೆ ಉಜ್ಜಿದಾಗ, ಮಡಿಸಿದಾಗ ಒಡೆದು ವಾಸನೆ ಬಿಡುತ್ತವೆ. ಒಗೆದು ಎಷ್ಟೋ ದಿನವಾದರೂ ಹೊದ್ದ ಕೂಡಲೇ ಘಮ್ಮೆನ್ನುವುದು ಅದಕ್ಕೇ. ಸೆಂಟನ್ನು ಚರ್ಮದ ಬದಲು ಬಟ್ಟೆಗೆ ಹೊಡೆದುಕೊಂಡರೂ ಇದೇ ತೊಂದರೆ. ಮೈಮೇಲಿನದು ಸ್ನಾನಕ್ಕೆ ಹೋಗುತ್ತದೆ, ಬಟ್ಟೆಯದು ಹೋಗುವುದಿಲ್ಲ. ಶಾಲನ್ನು ಕಂಡೀಷನರ್ ಇಲ್ಲದೆ ಎರಡು ಮೂರು ಸಲ ಒಗೆದು ಬಿಸಿಲಿಗೆ ಹಾಕಿದ ಮೇಲೆ ವಾಸನೆ ಇಳಿಯಿತು.

ಕೊಳ್ಳುವಾಗ ಡಬ್ಬಿಯ ಹಿಂಭಾಗ ನೋಡುವುದನ್ನು ಆಗ ಕಲಿತೆವು. ವಾಸನೆ ಇಲ್ಲದ್ದು ಎಂದು ಮುಂಭಾಗದಲ್ಲಿ ಅಚ್ಚಾಗಿದ್ದರೂ, ಮೂಲವಸ್ತುಗಳ ವಾಸನೆಯನ್ನು ಅಡಗಿಸಲು ಇನ್ನೊಂದು ಪರಿಮಳ ಹಾಕಿರುವುದುಂಟು. ಪದಾರ್ಥಗಳ ಪಟ್ಟಿಯಲ್ಲಿ ಪರ್ಫ್ಯೂಮ್ ಅಥವಾ ಫ್ರಾಗ್ರೆನ್ಸ್ ಎಂಬ ಮಾತು ಇದೆಯೇ ಎಂದು ನೋಡಬೇಕು.

6. ಮನೆಯಲ್ಲಿ ನಡುವೆ ಇನ್ನೊಬ್ಬರನ್ನು ಕಳಿಸಬೇಡಿ

ಮನೆಯಲ್ಲಿ ಅತ್ತೆಯ ಪೂಜೆ. ಬೆಳಗ್ಗೆ ಮೂರು ಊದುಬತ್ತಿ, ಶುಕ್ರವಾರ ಸಾಂಬ್ರಾಣಿ ಧೂಪ. ನಾನೇ ಹೇಳಲು ಹೆದರಿ ಗಂಡನಿಗೆ ಹೇಳಿದೆ. ಅವರು ಊಟಕ್ಕೆ ಕೂತಾಗ, "ಅಮ್ಮ, ಅವಳಿಗೆ ಊದುಬತ್ತಿ ಆಗಲ್ವಂತೆ" ಅಂದುಬಿಟ್ಟರು. ಅತ್ತೆಗೆ ಕೇಳಿಸಿದ್ದು ಸೊಸೆಗೆ ತನ್ನ ಪೂಜೆ ಬೇಡವಾಗಿದೆ ಎಂದು. ಮರುದಿನದಿಂದ ಊದುಬತ್ತಿಯನ್ನೇ ಹಚ್ಚಲಿಲ್ಲ, ನನ್ನ ಜೊತೆ ಮಾತೂ ಬಹುಮಟ್ಟಿಗೆ ನಿಂತಿತು. ನನಗೆ ಬೇಕಾದದ್ದು ಅದಾಗಿರಲಿಲ್ಲ. ತಲೆನೋವು ಇಲ್ಲದ ಆ ವಾರ ಮನೆಯಲ್ಲಿ ಇರುವುದೇ ಕಷ್ಟವಾಗಿತ್ತು.

ಒಂದು ಸಂಜೆ ಅವರು ಹೂ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ: "ಅತ್ತೆ, ಪೂಜೆ ಕಡಿಮೆ ಮಾಡಿ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಹೊಗೆ ನಡುಮನೆಗೆ ತುಂಬಿದ್ರೆ ನನಗೆ ತಲೆ ಎತ್ತೋಕಾಗಲ್ಲ, ಅಷ್ಟೇ. ಈ ಮಲ್ಲಿಗೆ ಏನೂ ಮಾಡಲ್ಲ ನೋಡಿ. ಏನ್ ಮಾಡಬಹುದು, ನೀವೇ ಹೇಳಿ." ಅವರು ದಾರದ ಗಂಟು ಮುಗಿಸಿ, "ದೇವ್ರಿಗೆ ಧೂಪ ತೋರಿಸಬೇಕು ಕಣೇ, ಮನೆಯೆಲ್ಲಾ ತುಂಬಬೇಕು ಅಂತೇನಿಲ್ಲ. ಇದನ್ನ ನೀನೇ ಬಂದು ಹೇಳಕ್ಕೆ ಏನಾಗಿತ್ತು?" ಅಂದರು.

ದಾರಿ ಹೇಳಿದ್ದೆಲ್ಲ ಅವರೇ. ಒಂದೇ ಕಡ್ಡಿ ಹಚ್ಚುವುದು, ಧೂಪ ತೋರಿಸಿ ಆದ ಮೇಲೆ ಅದರ ತುದಿಯನ್ನು ಮರಳಿನ ಬಟ್ಟಲಿಗೆ ಊರಿ ಆರಿಸುವುದು. ಒಂದು ಕಡ್ಡಿ ಪೂರ್ತಿ ಉರಿಯಲು ಅರ್ಧ ಗಂಟೆಗೂ ಹೆಚ್ಚು ಬೇಕು, ಈಗ ಅದು ಕೆಲವೇ ನಿಮಿಷ. ಪೂಜೆಗೆ ಮುಂಚೆ ಹಿತ್ತಿಲ ಕಡೆಯ ಕಿಟಕಿ ತೆರೆದು, ದೇವರ ಮನೆಯ ಬಾಗಿಲು ಅರ್ಧ ಮುಚ್ಚುವುದು. ಸಾಣೆಕಲ್ಲಿನಲ್ಲಿ ಗಂಧ ತೇಯುವುದು ಮತ್ತೆ ಶುರುವಾಯಿತು, ತೇಯುವ ಕೆಲಸ ನನ್ನದು. ತೇಯ್ದ ಗಂಧಕ್ಕೆ ಹೊಗೆ ಇಲ್ಲ, ಪರಿಮಳವೂ ಹತ್ತಿರದಲ್ಲೇ ನಿಲ್ಲುತ್ತದೆ. ಸಾಂಬ್ರಾಣಿ ಹಾಕುವ ದಿನ ಮೊದಲೇ ಹೇಳುತ್ತಾರೆ, ಆ ಹೊತ್ತಿಗೆ ನಾನು ತರಕಾರಿಗೆ ಹೋಗುತ್ತೇನೆ.

ನಡುವೆ ಬೆಲೆ ಬಾಳುವ ಊದುಬತ್ತಿ ತಂದು ನೋಡಿದ್ದೂ ಉಂಟು. ಪರಿಮಳ ಮೃದುವಾಗಿತ್ತು, ಆದರೆ ಮೂಗು ಕಣ್ಣು ಉರಿಸುವ ಹೊಗೆ ಹಾಗೇ ಇತ್ತು, ನೋವೂ ಬಂತು. ನನಗೆ ಉಪಯೋಗವಾದದ್ದು ಕಡ್ಡಿಗಳ ಎಣಿಕೆಯೂ ಉರಿಯುವ ಹೊತ್ತೂ ಕಡಿಮೆಯಾದದ್ದು.

7. ಒಪ್ಪದವರಿದ್ದರೆ ಗಾಳಿಯನ್ನು ಸರಿಮಾಡಿಕೊಳ್ಳಿ

ಹಿರಿಯ ಸಹೋದ್ಯೋಗಿಯೊಬ್ಬರು, "ಇಷ್ಟಕ್ಕೆಲ್ಲಾ ತಲೆನೋವು ಬರುತ್ತಾ?" ಎಂದು ನಕ್ಕು ಸುಮ್ಮನಾದರು. ಎರಡನೇ ಸಲ ಕೇಳಿದರೂ ಬದಲಾಗಲಿಲ್ಲ. ಮೂರನೇ ಸಲ ಕೇಳಿದರೆ ಜಗಳವಾಗುತ್ತಿತ್ತು. ಮೇಲಿನವರ ಬಳಿ ಹೋಗಿ ಅವರ ಹೆಸರು ಎತ್ತದೆ ಎರಡನ್ನು ಕೇಳಿದೆ: ನನಗೆ ಕಿಟಕಿ ಪಕ್ಕದ ಜಾಗ, ಮತ್ತು ಎಲ್ಲರಿಗೂ ಅನ್ವಯವಾಗುವಂತೆ, ಕೆಲಸದ ಕೋಣೆಯೊಳಗೆ ಯಾರೂ ಸ್ಪ್ರೇ ಮಾಡಬಾರದೆಂಬ ಸೂಚನೆ. ಎರಡೂ ಸಿಕ್ಕವು. ಬಚ್ಚಲಿನ ಗೋಡೆಯಲ್ಲಿ ತಾನಾಗಿ ಪರಿಮಳ ಸಿಂಪಡಿಸುವ ಡಬ್ಬಿಯೂ ಇತ್ತು. ಅದರೊಳಗೆ ಎಷ್ಟು ನಿಮಿಷಕ್ಕೊಮ್ಮೆ ಎಂದು ಗೊತ್ತುಮಾಡುವ ಸ್ವಿಚ್ ಇರುತ್ತದೆ. ಅದನ್ನು ಅತಿ ನಿಧಾನಕ್ಕೆ ತಿರುಗಿಸಲು ಸ್ವಚ್ಛತೆಯ ಅಮ್ಮನನ್ನು ಕೇಳಿದೆ, ಒಂದೇ ಮಾತಿಗೆ ಮಾಡಿಕೊಟ್ಟರು.

ಗೋಡೆಗೆ ಹಾಕುವ ಎಸಿ ಕೋಣೆಯೊಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ, ಹೊರಗಿನ ಗಾಳಿಯನ್ನು ತರುವುದಿಲ್ಲ. ಸೆಂಟು ಒಮ್ಮೆ ಸೇರಿದರೆ ಕಿಟಕಿ ಬಾಗಿಲು ತೆರೆಯುವವರೆಗೂ ಅಲ್ಲೇ. ಆದ್ದರಿಂದ ಬೆಳಗ್ಗೆ ಎಲ್ಲರೂ ಬಂದು ಕೂರುವ ಮೊದಲ ಅರ್ಧ ಗಂಟೆ ಕಿಟಕಿ ತೆರೆದಿಟ್ಟು ಆಮೇಲೆ ಎಸಿ ಹಾಕುತ್ತೇವೆ. ಸಣ್ಣ ಟೇಬಲ್ ಫ್ಯಾನನ್ನು ಕಿಟಕಿಯ ಕಡೆಯಿಂದ ನನ್ನತ್ತ ಬೀಸುವಂತೆ ಇಟ್ಟುಕೊಂಡಿದ್ದೇನೆ. ಮಾಸ್ಕಿನಿಂದ ಹೆಚ್ಚು ನಿರೀಕ್ಷೆ ಬೇಡ. ಎನ್95 ಮಾಸ್ಕ್ ಊದುಬತ್ತಿಯ ಹೊಗೆಯ ಕಣಗಳನ್ನು ತಡೆಯುತ್ತದೆ, ಸೆಂಟಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲ ಪದರ ಇರುವ ಮಾಸ್ಕ್ ಸ್ವಲ್ಪ ಹೊತ್ತು ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ.

ಟ್ಯಾಕ್ಸಿಯಲ್ಲಿ ಹತ್ತಿದ ಕೂಡಲೇ ಕೇಳುವುದು ಒಳ್ಳೆಯದು, ನೋವು ಶುರುವಾದ ಮೇಲಲ್ಲ. "ಅಣ್ಣಾ, ನನಗೆ ಈ ಪರ್ಫ್ಯೂಮ್ ಆಗಲ್ಲ, ಇಳಿಯೋವರೆಗೂ ಡಿಕ್ಕಿಯಲ್ಲಿ ಇಡ್ತೀರಾ?" ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮದುವೆ ಮನೆಯಲ್ಲಿ ಮಾತ್ರ ನಾನು ಯಾರನ್ನೂ ಕೇಳುವುದಿಲ್ಲ. ರೇಷ್ಮೆ ಸೀರೆ ಉಟ್ಟು ಸೆಂಟು ಹಾಕಿಕೊಂಡು ಬಂದ ನೂರಾರು ಜನರಲ್ಲಿ ಯಾರನ್ನೆಂದು ಕೇಳುವುದು. ಹೊಟ್ಟೆ ಖಾಲಿ ಬಿಡದೆ ಹೋಗುತ್ತೇನೆ, ಬಾಗಿಲ ಹತ್ತಿರದ ಸಾಲಿನಲ್ಲಿ ಕೂರುತ್ತೇನೆ, ಧಾರೆಯಾದ ಮೇಲೆ ಮೊದಲ ಪಂಕ್ತಿಯಲ್ಲೇ ಊಟ ಮುಗಿಸುತ್ತೇನೆ. ವೈದ್ಯರು ಹೇಳಿದ ಮಾತ್ರೆ ಪರ್ಸಿನಲ್ಲಿರುತ್ತದೆ. ಮಿಡಿತ ಶುರುವಾದ ಕೂಡಲೇ ನುಂಗಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಊಟ ಮುಗಿಯಲಿ ಎಂದು ಕಾದರೆ ಅಷ್ಟು ಮಾಡುವುದಿಲ್ಲ.